ಹಿಂಜ್‌ನ ರಿಯಾಕ್ಷನ್ ಯಾವ ಕಡೆಗೆ? ಗಾಳಿಯಲ್ಲಿರುವ ಒಂದು ಬಿಂದು ಹೇಳುತ್ತದೆ

ಪ್ರಶ್ನೆ: ಸರ್, ನಾನು ಡಿಪ್ಲೊಮಾ ಮೆಕ್ಯಾನಿಕಲ್ ಮೊದಲ ವರ್ಷ. ಗೋಡೆಗೆ ಹಿಂಜ್ ಮಾಡಿದ ಅಡ್ಡ ಸರಳು, ಅದರ ತುದಿಯನ್ನು ಮೇಲಿನಿಂದ ಎಳೆದು ಹಿಡಿದ ತಂತಿ, ಸರಳಿನ ನಡುವೆ ಭಾರ. ಹಿಂಜ್‌ನ ರಿಯಾಕ್ಷನ್ ಸರಳಿನ ಉದ್ದಕ್ಕೇ ಇರುತ್ತೆ ಅಂತ ಲೆಕ್ಕ ಮಾಡಿದೆ, ಉತ್ತರ ತಪ್ಪು ಬಂತು. ಪುಸ್ತಕದಲ್ಲಿ ಮೂರೂ ಬಲಗಳು ಒಂದೇ ಬಿಂದುವಿನಲ್ಲಿ ಸೇರಬೇಕು ಅಂತ ಹೇಳಿ, ಸರಳಿನ ಮೇಲೆ ಗಾಳಿಯಲ್ಲಿ ಒಂದು ಬಿಂದು ಗುರುತು ಮಾಡಿದ್ದಾರೆ. ಅಲ್ಲಿ ಸರಳೇ ಇಲ್ಲ, ಬಲಗಳು ಹೇಗೆ ಸೇರುತ್ತವೆ? ಮೂರು ಸಮೀಕರಣ ಬರೆದರೆ ಸಾಕಲ್ವಾ, ಈ ಬಿಂದು ಯಾಕೆ ಬೇಕು?

ಉತ್ತರ:

ಮೊದಲು ಚಿತ್ರಕ್ಕೆ ಅಳತೆ ಕೊಡೋಣ. ಅಳತೆ ಇಲ್ಲದೆ ಈ ವಿಷಯ ಮಾತಾಡಿದರೆ ಕೈಗೆ ಸಿಗುವುದಿಲ್ಲ. ಗೋಡೆಯ ಹಿಂಜ್ A. ಅಲ್ಲಿಂದ ಬಲಕ್ಕೆ ಚಾಚಿದ ಸರಳು AB, ಉದ್ದ 2.4 ಮೀಟರ್. A ಯ ನೇರ ಮೇಲೆ, 1.8 ಮೀಟರ್ ಎತ್ತರದಲ್ಲಿ, ಗೋಡೆಯಲ್ಲೇ ಒಂದು ಕೊಕ್ಕೆ. ಅದು C. ತಂತಿ C ಯಿಂದ B ಗೆ ಬರುತ್ತದೆ. ಅದರ ಉದ್ದ ಸರಿಯಾಗಿ 3 ಮೀಟರ್, ಏಕೆಂದರೆ 1.8, 2.4, 3.0 ಎಂದರೆ ಹಳೆಯ 3-4-5 ತ್ರಿಕೋನವೇ. ಭಾರ 600 ನ್ಯೂಟನ್, ಸರಳಿನ ನಟ್ಟನಡುವೆ, ಅಂದರೆ ಗೋಡೆಯಿಂದ 1.2 ಮೀಟರ್ ದೂರದಲ್ಲಿ ತೂಗುತ್ತಿದೆ. ಸರಳಿನ ಸ್ವಂತ ತೂಕವನ್ನು ಸದ್ಯಕ್ಕೆ ಬಿಡೋಣ, ಕೊನೆಯಲ್ಲಿ ಸೇರಿಸೋಣ.

ಈಗ ನೀವು ಮಾಡಿದ ಹಾಗೆಯೇ ಮಾಡಿ ನೋಡೋಣ. ಹಿಂಜ್‌ನ ಬಲ ಸರಳಿನ ಉದ್ದಕ್ಕೇ ಇದೆ ಎಂದುಕೊಂಡರೆ ಅದಕ್ಕೆ ಮೇಲಕ್ಕೆತ್ತುವ ಭಾಗವೇ ಇಲ್ಲ. 600 ನ್ಯೂಟನ್ ಭಾರವನ್ನು ತಂತಿಯೊಂದೇ ಹೊರಬೇಕು. ತಂತಿಯ ಎಳೆತದಲ್ಲಿ ಮೇಲ್ಮುಖ ಭಾಗ 0.6 ಪಾಲು. ಹಾಗಾಗಿ ಟೆನ್ಷನ್ 1000 ನ್ಯೂಟನ್. ಅದರ ಅಡ್ಡ ಭಾಗ 0.8 ಪಾಲು, 800 ನ್ಯೂಟನ್. ಹಿಂಜ್ 800 ನ್ಯೂಟನ್ ತಳ್ಳಿದರೆ ಅಡ್ಡ ಬಲಗಳೂ ಸರಿಹೋದವು. ಮೇಲೆ-ಕೆಳಗಿನ ಲೆಕ್ಕ ಸೊನ್ನೆ, ಅಡ್ಡ ಲೆಕ್ಕ ಸೊನ್ನೆ. ಎಲ್ಲ ಸರಿಯಿದೆ ಅನಿಸುತ್ತದೆ, ಅಲ್ವಾ?

A ಸುತ್ತ ಮೊಮೆಂಟ್ ತೆಗೆದುಕೊಳ್ಳಿ. ಭಾರ ಸರಳನ್ನು ಕೆಳಕ್ಕೆ ತಿರುಗಿಸುವುದು 600 × 1.2, ಅಂದರೆ 720 ನ್ಯೂಟನ್-ಮೀಟರ್. ತಂತಿ ಮೇಲಕ್ಕೆ ತಿರುಗಿಸುವುದು 1000 × 0.6 × 2.4, ಅಂದರೆ 1440. ಸರಿಯಾಗಿ ಎರಡು ಪಟ್ಟು. ಈ ಸರಳು ನಿಲ್ಲುವುದಿಲ್ಲ, ತುದಿ ಮೇಲಕ್ಕೆ ಎದ್ದುಬಿಡುತ್ತದೆ. ಬಲಗಳ ಮೊತ್ತ ಸೊನ್ನೆಯಾದರೂ ತಿರುಗುವಿಕೆ ಉಳಿದಿದೆ. ನಿಮ್ಮ ಉತ್ತರ ತಪ್ಪಿದ್ದು ಇಲ್ಲಿಯೇ. ಎರಡು ಸಮೀಕರಣ ಸರಿಹೋದ ಮೇಲೆ ಮೂರನೆಯದನ್ನು ನೋಡಲೇ ಇಲ್ಲ.

ಇನ್ನು ಆ ಬಿಂದುವಿನ ವಿಷಯ. ಸರಳಿನ ಮೇಲೆ ಇರುವುದು ಮೂರೇ ಬಲಗಳು: ಭಾರ, ತಂತಿಯ ಎಳೆತ, ಹಿಂಜ್‌ನ ರಿಯಾಕ್ಷನ್. ಮೊದಲ ಎರಡರ ದಿಕ್ಕು ನಮಗೆ ಗೊತ್ತು. ಭಾರ ನೇರ ಕೆಳಕ್ಕೆ. ತಂತಿ ತನ್ನ ಉದ್ದಕ್ಕೆ ಮಾತ್ರ ಎಳೆಯಬಲ್ಲದು. ಭಾರದ ಕ್ರಿಯಾರೇಖೆಯನ್ನು ಮೇಲಕ್ಕೆ ಎಳೆಯಿರಿ. ಅದು ತಂತಿಯನ್ನು ಎಲ್ಲೋ ಒಂದು ಕಡೆ ದಾಟುತ್ತದೆ. ಆ ಬಿಂದುವಿಗೆ O ಎಂದು ಹೆಸರಿಡಿ. ನಮ್ಮ ಅಳತೆಯಲ್ಲಿ O ಗೋಡೆಯಿಂದ 1.2 ಮೀಟರ್ ದೂರ, ಸರಳಿನಿಂದ 0.9 ಮೀಟರ್ ಮೇಲೆ.

O ಸುತ್ತ ಮೊಮೆಂಟ್ ಬರೆಯಿರಿ. ಭಾರದ ರೇಖೆ O ಮೂಲಕ ಹೋಗುತ್ತದೆ, ಅದರ ಮೊಮೆಂಟ್ ಸೊನ್ನೆ. ತಂತಿಯ ರೇಖೆಯೂ O ಮೂಲಕ ಹೋಗುತ್ತದೆ, ಅದರದ್ದೂ ಸೊನ್ನೆ. ಉಳಿದದ್ದು ಹಿಂಜ್‌ನ ಬಲ ಒಂದೇ. ಸರಳು ಸಮತೋಲದಲ್ಲಿದೆ ಎಂದ ಮೇಲೆ ಒಟ್ಟು ಮೊಮೆಂಟ್ ಸೊನ್ನೆಯಾಗಲೇಬೇಕು. ಹಾಗಿದ್ದರೆ ಹಿಂಜ್‌ನ ಬಲದ ಮೊಮೆಂಟ್ ಕೂಡ ಸೊನ್ನೆ. ಬಲ ಸೊನ್ನೆಯಲ್ಲ. ಆದ್ದರಿಂದ ಅದರ ರೇಖೆ O ಮೂಲಕವೇ ಹೋಗಬೇಕು, ಬೇರೆ ದಾರಿಯಿಲ್ಲ. ಆ ರೇಖೆ A ಮೂಲಕ ಹೋಗುತ್ತದೆ ಎನ್ನುವುದು ಮೊದಲೇ ಗೊತ್ತಿತ್ತು, ಏಕೆಂದರೆ ಪಿನ್ ಇರುವುದೇ ಅಲ್ಲಿ. ಎರಡು ಬಿಂದು ಸಿಕ್ಕವು, ರೇಖೆ ಸಿಕ್ಕಿತು. ಇಷ್ಟೇ ಇದರ ಸಾಧನೆ, ಇದರಲ್ಲಿ ಹೊಸ ನಿಯಮ ಯಾವುದೂ ಇಲ್ಲ. ನೀವು ಬಿಟ್ಟ ಮೂರನೆಯ ಸಮೀಕರಣವನ್ನೇ ಜಾಣತನದಿಂದ ಆರಿಸಿದ ಬಿಂದುವಿನಲ್ಲಿ ಬರೆದದ್ದು ಅಷ್ಟೆ.

ಅಲ್ಲಿ ಸರಳೇ ಇಲ್ಲವಲ್ಲ ಎಂಬ ನಿಮ್ಮ ಸಂಶಯಕ್ಕೂ ಉತ್ತರ ಇದರಲ್ಲೇ ಇದೆ. ಬಲಗಳು O ದಲ್ಲಿ ಹೋಗಿ ಕೂಡುವುದಿಲ್ಲ. ತಂತಿ B ಯಲ್ಲೇ ಎಳೆಯುತ್ತದೆ, ಭಾರ ನಡುವೆಯೇ ತೂಗುತ್ತದೆ, ಹಿಂಜ್ A ಯಲ್ಲೇ ತಳ್ಳುತ್ತದೆ. ಆದರೆ ಒಂದು ಬಲ ವಸ್ತುವನ್ನು ಎಷ್ಟು ತಿರುಗಿಸುತ್ತದೆ ಎನ್ನುವುದು ಅದರ ರೇಖೆಯಿಂದ ನಾವು ಆರಿಸಿದ ಬಿಂದುವಿಗೆ ಇರುವ ಲಂಬ ದೂರದ ಮೇಲೆ ನಿಂತಿದೆ. ಆ ರೇಖೆಯ ಮೇಲೆ ಬಲ ಎಲ್ಲಿ ಹಿಡಿದಿದೆ ಎನ್ನುವುದರ ಮೇಲೆ ಅಲ್ಲ. ಮೊಮೆಂಟ್ ತೆಗೆಯುವ ಬಿಂದು ಕಬ್ಬಿಣದ ಒಳಗಿರಬೇಕು ಎಂಬ ಕಟ್ಟಳೆ ಎಲ್ಲಿಯೂ ಇಲ್ಲ. ಅದು ಗಾಳಿಯಲ್ಲಿರಬಹುದು, ಗೋಡೆಯೊಳಗಿರಬಹುದು, ನಿಮ್ಮ ಹಾಳೆಯ ಆಚೆಗೂ ಇರಬಹುದು.

ಸರಿ, ನಮ್ಮ ಲೆಕ್ಕದಲ್ಲಿ A ಯಿಂದ O ಗೆ ಹೋಗುವ ರೇಖೆ 1.2 ಅಡ್ಡಕ್ಕೆ 0.9 ಮೇಲಕ್ಕೆ. ಅಂದರೆ ಸರಳಿನಿಂದ ಸುಮಾರು 37 ಡಿಗ್ರಿ ಮೇಲೆ. ಇನ್ನೂ ಯಾವ ಬಲದ ಅಳತೆಯನ್ನೂ ನಾವು ಕಂಡುಹಿಡಿದಿಲ್ಲ, ಆಗಲೇ ದಿಕ್ಕು ಕೈಗೆ ಬಂದಿದೆ.

ಹಾಗಾದರೆ ರಿಯಾಕ್ಷನ್ ಸರಳಿನ ಉದ್ದಕ್ಕೇ ಇರುತ್ತದೆ ಎಂಬ ಭಾವನೆ ಎಲ್ಲಿಂದ ಬಂತು? ಬಹಳ ಜನ ವಿದ್ಯಾರ್ಥಿಗಳಿಗೆ ಇದು ಇರುತ್ತದೆ, ಕಾರಣವೂ ಇದೆ. ಮೊದಲು ಕಲಿಸುವ ಉದಾಹರಣೆಯಲ್ಲಿ ಭಾರವನ್ನು ಸರಳಿನ ತುದಿಯಲ್ಲಿ, ತಂತಿ ಕಟ್ಟಿದ ಜಾಗದಲ್ಲೇ ತೂಗುಹಾಕಿರುತ್ತಾರೆ. ಆಗ ಸರಳಿಗೆ ಬಲ ತಾಗುವುದು ಎರಡೇ ಕಡೆ, A ಮತ್ತು B. ಎರಡೇ ಕಡೆ ಬಲ ಇರುವ ವಸ್ತು ನಿಲ್ಲಬೇಕಾದರೆ ಆ ಎರಡು ಬಲಗಳು ಒಂದೇ ರೇಖೆಯಲ್ಲಿ ಎದುರುಬದುರು ಇರಬೇಕು. ಆ ರೇಖೆ AB. ಹೊಸ ಮಾತಿನಲ್ಲಿ ಹೇಳಿದರೆ O ಬಂದು B ಯಲ್ಲೇ ಕೂತಿದೆ, ಹಾಗಾಗಿ AO ರೇಖೆ ಸರಳೇ ಆಯಿತು. ಅದು ಆ ಉದಾಹರಣೆಯ ಗುಣ, ಹಿಂಜ್‌ನ ಗುಣವಲ್ಲ. ಟ್ರಸ್ ಲೆಕ್ಕಗಳಲ್ಲೂ ಹೀಗೆಯೇ, ಭಾರವೆಲ್ಲ ಜಾಯಿಂಟ್‌ಗಳಲ್ಲೇ ಇರುತ್ತದೆ. ಅದೇ ಅಭ್ಯಾಸ ಇಲ್ಲಿಗೂ ಬಂದುಬಿಡುತ್ತದೆ.

ಭಾರವನ್ನು ತುದಿಯಿಂದ ನಿಧಾನವಾಗಿ ಗೋಡೆಯ ಕಡೆಗೆ ಸರಿಸಿಕೊಂಡು ಬನ್ನಿ, ಹಾಳೆಯ ಮೇಲೆ. ತಂತಿ ಅಲುಗುವುದಿಲ್ಲ, ಅದರ ರೇಖೆ ಅದೇ. ಭಾರದ ಲಂಬ ರೇಖೆ ಮಾತ್ರ ಎಡಕ್ಕೆ ಸರಿಯುತ್ತದೆ. ಹಾಗಾಗಿ O ತಂತಿಯ ಮೇಲೆಯೇ B ಯಿಂದ C ಕಡೆಗೆ ಏರುತ್ತಾ ಹೋಗುತ್ತದೆ. A ಯಿಂದ O ಗೆ ಎಳೆದ ರೇಖೆಯೂ ಅದರ ಜೊತೆ ಎದ್ದು ನಿಲ್ಲುತ್ತಾ ಹೋಗುತ್ತದೆ. ಭಾರ ತುದಿಯಲ್ಲಿದ್ದಾಗ ರಿಯಾಕ್ಷನ್ ಮಲಗಿದೆ. ನಡುವೆ ಬಂದಾಗ 37 ಡಿಗ್ರಿ. ಗೋಡೆಯಿಂದ 0.8 ಮೀಟರ್‌ನಲ್ಲಿದ್ದಾಗ O ಇರುವುದು 1.2 ಮೀಟರ್ ಎತ್ತರದಲ್ಲಿ, ರಿಯಾಕ್ಷನ್ 56 ಡಿಗ್ರಿಗೆ ಏರಿದೆ. ಭಾರ ಗೋಡೆಗೇ ಬಂದು ತಾಗಿದರೆ O ಹೋಗಿ C ಯನ್ನು ಸೇರುತ್ತದೆ, ರಿಯಾಕ್ಷನ್ ನೇರ ಮೇಲಕ್ಕೆ. ಆಗ ಹಿಂಜ್ ಪೂರ್ತಿ ಭಾರ ಹೊರುತ್ತದೆ, ತಂತಿ ಸಡಿಲ. ಒಂದು ಸ್ಕೇಲನ್ನು A ಯಲ್ಲಿ ಊರಿ, ತಂತಿಯ ಮೇಲೆ ಅದರ ಅಂಚನ್ನು ಜಾರಿಸುತ್ತಾ ಇದನ್ನು ಒಮ್ಮೆ ಮಾಡಿ ನೋಡಿ. ಮೂರು ಸಮೀಕರಣಗಳಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ.

ಇನ್ನೊಂದು ಕಡೆಗೂ ಹೋಗೋಣ. ಸರಳು B ಯಿಂದ ಆಚೆಗೂ ಚಾಚಿದೆ, ಭಾರ ಗೋಡೆಯಿಂದ 3.2 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಈಗ ತಂತಿಯ ರೇಖೆಯನ್ನು B ದಾಟಿ ಕೆಳಕ್ಕೆ ಬೆಳೆಸಬೇಕು. O ಸರಳಿನ ಕೆಳಗೆ, 0.6 ಮೀಟರ್ ಆಳದಲ್ಲಿ ಸಿಗುತ್ತದೆ. A ಯಿಂದ O ಗೆ ರೇಖೆ ಎಳೆದರೆ ಅದು ಬಲಕ್ಕೆ, ತುಸು ಕೆಳಕ್ಕೆ ಇಳಿಯುತ್ತದೆ. ಅಂದರೆ ಹಿಂಜ್ ಸರಳನ್ನು ಎತ್ತುತ್ತಿಲ್ಲ, ಕೆಳಕ್ಕೆ ಒತ್ತಿ ಹಿಡಿಯುತ್ತಿದೆ. ಇದು ಕಾಗದದ ಲೆಕ್ಕವಷ್ಟೇ ಅಲ್ಲ. ಸರಳಿನ ಬುಡವನ್ನು ಪಿನ್ ಇಲ್ಲದೆ ಗೋಡೆಯ ಬ್ರಾಕೆಟ್ ಮೇಲೆ ಸುಮ್ನೆ ಕೂರಿಸಿದ್ದರೆ, ಕೆಳಕ್ಕೆ ಒತ್ತಿ ಹಿಡಿಯುವವರು ಯಾರೂ ಇರುವುದಿಲ್ಲ. ಭಾರ ತಂತಿಯ ಆಚೆಗೆ ಹೋದ ಕೂಡಲೇ ಬುಡ ಬ್ರಾಕೆಟ್‌ನಿಂದ ಏಳಲು ನೋಡುತ್ತದೆ. ಅಲ್ಲಿ ಪಿನ್ ಬೇಕೇ ಬೇಕು ಎನ್ನುವುದನ್ನು O ಎಲ್ಲಿದೆ ಎನ್ನುವುದೊಂದೇ ಹೇಳಿಬಿಡುತ್ತದೆ.

ದಿಕ್ಕು ಸಿಕ್ಕಿತು, ಬಲ ಎಷ್ಟು? ಮಾಮೂಲಿ ದಾರಿ ಬಲಗಳ ತ್ರಿಕೋನ. ಭಾರಕ್ಕೆ ಒಂದು ಲಂಬ ಗೆರೆ ಎಳೆಯಿರಿ, 100 ನ್ಯೂಟನ್‌ಗೆ ಒಂದು ಸೆಂಟಿಮೀಟರ್‌ನಂತೆ 6 ಸೆಂಟಿಮೀಟರ್. ಅದರ ಒಂದು ತುದಿಯಿಂದ ತಂತಿಗೆ ಸಮಾಂತರ ಗೆರೆ, ಇನ್ನೊಂದು ತುದಿಯಿಂದ AO ಗೆ ಸಮಾಂತರ ಗೆರೆ. ಎರಡೂ ಸೇರಿದಲ್ಲಿ ತ್ರಿಕೋನ ಮುಚ್ಚುತ್ತದೆ. ಬಾಣಗಳು ಒಂದರ ಹಿಂದೆ ಒಂದು ಸುತ್ತಿಕೊಂಡು ಬರಬೇಕು. ರಿಯಾಕ್ಷನ್ ತಳ್ಳುತ್ತದೋ ಎಳೆಯುತ್ತದೋ ಎನ್ನುವುದು ಆ ಬಾಣದಿಂದಲೇ ತಿಳಿಯುತ್ತದೆ. O ಕೊಡುವುದು ರೇಖೆಯನ್ನು ಮಾತ್ರ, ಬಾಣದ ಮುಖವನ್ನಲ್ಲ. ಇದನ್ನು ಮರೆಯಬೇಡಿ.

ಆದರೆ ಈ ಚಿತ್ರದಲ್ಲಿ ಬೇರೆ ತ್ರಿಕೋನ ಎಳೆಯುವ ಕೆಲಸವೂ ಇಲ್ಲ. ACO ತ್ರಿಕೋನವನ್ನೇ ನೋಡಿ. AC ಲಂಬವಾಗಿದೆ, ಅದು ಭಾರದ ದಿಕ್ಕು. CO ತಂತಿಯ ಮೇಲಿದೆ. AO ರಿಯಾಕ್ಷನ್‌ನ ರೇಖೆ. ಮೂರು ಬಲಗಳ ಮೂರು ದಿಕ್ಕುಗಳೂ ಗೋಡೆಯ ಮೇಲಿನ ಚಿತ್ರದಲ್ಲೇ ಕೂತಿವೆ. ಹಾಗಾಗಿ ಇದೇ ಬಲಗಳ ತ್ರಿಕೋನ, ಅಳತೆಯ ಪ್ರಮಾಣ ಮಾತ್ರ ಬೇರೆ. AC ಯ 1.8 ಮೀಟರ್ ಎಂದರೆ 600 ನ್ಯೂಟನ್. ಭಾರ ನಡುವೆ ಇದ್ದಾಗ CO 1.5 ಮೀಟರ್, AO ಕೂಡ 1.5 ಮೀಟರ್. ಆದ್ದರಿಂದ:

T = 600 × CO / AC = 600 × 1.5 / 1.8 = 500 N
R = 600 × AO / AC = 600 × 1.5 / 1.8 = 500 N

ನಿಮ್ಮ ಮೂರು ಸಮೀಕರಣಗಳಿಂದ ತಾಳೆ ನೋಡೋಣ. A ಸುತ್ತ ಮೊಮೆಂಟ್: T × 0.6 × 2.4 = 720, ಟೆನ್ಷನ್ 500. ಅದರ ಅಡ್ಡ ಭಾಗ 400, ಲಂಬ ಭಾಗ 300. ಹಿಂಜ್ ಕೊಡಬೇಕಾದದ್ದು 400 ಅಡ್ಡಕ್ಕೆ, 300 ಮೇಲಕ್ಕೆ. ಅನುಪಾತ 0.75, ಒಟ್ಟು 500. ಎರಡೂ ಒಂದೇ. ನೀವು ಮೊದಲು ಹಿಡಿದ ಉತ್ತರದಲ್ಲಿ ತಂತಿಗೆ 1000 ಬಂದಿತ್ತು ಅಲ್ವಾ, ಇರಬೇಕಾದದ್ದು ಅದರ ಅರ್ಧ.

ಈ ತ್ರಿಕೋನ ಇನ್ನೊಂದು ವಿಷಯವನ್ನೂ ತೋರಿಸುತ್ತದೆ. R ಎಷ್ಟು ಎನ್ನುವುದು AO ಉದ್ದವನ್ನು ನೋಡಿದರೆ ಸಾಕು. ಭಾರ ತುದಿಯಲ್ಲಿದ್ದಾಗ AO 2.4 ಮೀಟರ್, R 800 ನ್ಯೂಟನ್. ಭಾರ ಗೋಡೆಗೆ ಸರಿಯುತ್ತಾ ಬಂದಂತೆ AO ಚಿಕ್ಕದಾಗುತ್ತದೆ. AO ತಂತಿಗೆ ಲಂಬವಾದಾಗ ಅದು ಅತಿ ಚಿಕ್ಕದು, 1.44 ಮೀಟರ್. ಆಗ R 480 ನ್ಯೂಟನ್, ಭಾರ ಇರುವುದು ಗೋಡೆಯಿಂದ ಸುಮಾರು 0.86 ಮೀಟರ್‌ನಲ್ಲಿ. ಅಲ್ಲಿಂದ ಮುಂದೆ ಗೋಡೆಯ ಕಡೆಗೆ ಹೋದರೆ R ಮತ್ತೆ ಏರಿ 600 ಮುಟ್ಟುತ್ತದೆ. ಹಿಂಜ್‌ಗೆ ಬರುವ ಬಲ ಮೊದಲು ಇಳಿದು ಆಮೇಲೆ ಏರುತ್ತದೆ ಎಂದು ಸಮೀಕರಣ ನೋಡಿ ತಕ್ಷಣ ಹೇಳುವುದು ಕಷ್ಟ.

ರಿಯಾಕ್ಷನ್‌ನ ರೇಖೆ ಸರಳನ್ನು ಬಿಟ್ಟು ಮೇಲೆ ಹೋಗುವುದಕ್ಕೆ ಇನ್ನೂ ಒಂದು ಅರ್ಥವಿದೆ. ಬಲ ಸರಳಿನ ಉದ್ದಕ್ಕೇ ಹೋದರೆ ಸರಳು ಒತ್ತಲ್ಪಡುತ್ತದೆ ಅಷ್ಟೆ, ಬಾಗುವುದಿಲ್ಲ. ರೇಖೆ ಸರಳಿನಿಂದ ದೂರ ಸರಿದಷ್ಟೂ ಬಾಗುವಿಕೆ ಜಾಸ್ತಿ. ನಡುಬಿಂದುವಿನಲ್ಲಿ ರೇಖೆ ಸರಳಿಗಿಂತ 0.9 ಮೀಟರ್ ಮೇಲಿದೆ, ರಿಯಾಕ್ಷನ್‌ನ ಅಡ್ಡ ಭಾಗ 400 ನ್ಯೂಟನ್. ಗುಣಿಸಿದರೆ 360 ನ್ಯೂಟನ್-ಮೀಟರ್. ಎರಡು ಆಧಾರಗಳ ಮೇಲೆ ಕೂತ ತೊಲೆಯ ನಡುವೆ ಭಾರ ಇಟ್ಟಾಗ ಬರುವ ಬೆಂಡಿಂಗ್ ಮೊಮೆಂಟ್ ಸೂತ್ರ, 600 × 2.4 / 4, ಕೊಡುವುದೂ 360 ನ್ಯೂಟನ್-ಮೀಟರನ್ನೇ. ತುದಿಯ ಭಾರಕ್ಕೆಂದು ತೆಳ್ಳಗಿನ ಪೈಪ್ ಹಾಕಿದವರು ಆಮೇಲೆ ಅದೇ ಭಾರವನ್ನು ನಡುವೆ ತೂಗುಹಾಕಿದರೆ ಪೈಪ್ ಯಾಕೆ ಬಾಗುತ್ತದೆ ಎನ್ನುವುದು ಇದರಿಂದ ಗೊತ್ತಾಗುತ್ತದೆ. ತಂತಿಗೂ ಹಿಂಜ್‌ಗೂ ಹೊರೆ ಕಡಿಮೆಯಾಗಿದೆ, ಪೈಪ್‌ಗೆ ಮಾತ್ರ ಹೊಸ ಕಷ್ಟ ಬಂದಿದೆ.

ಮೂರು ಸಮೀಕರಣ ಸಾಕಲ್ವಾ ಎಂದು ಕೇಳಿದ್ದೀರಿ. ಸಾಕು, ಉತ್ತರ ಬರುತ್ತದೆ. ಆದರೆ ಕೆಲವು ಪ್ರಶ್ನೆಗಳಿಗೆ ಬಲದ ಅಳತೆಯೇ ಬೇಡ, ದಿಕ್ಕು ಒಂದೇ ಸಾಕು. ಅಲ್ಲಿ O ತುಂಬಾ ಹತ್ತಿರದ ದಾರಿ. ಗೋಡೆಗೆ ಒರಗಿಸಿದ ಏಣಿ ಇದಕ್ಕೆ ಒಳ್ಳೆಯ ಉದಾಹರಣೆ. ಗೋಡೆ ನುಣುಪಾಗಿದೆ, ಅದು ಅಡ್ಡಡ್ಡ ಮಾತ್ರ ತಳ್ಳಬಲ್ಲದು. ಏಣಿ ಹಗುರ, ಅದರ ತೂಕ ಬಿಟ್ಟುಬಿಡಿ. ಹತ್ತಿದವರ ತೂಕ ನೇರ ಕೆಳಕ್ಕೆ. ನೆಲದ ರಿಯಾಕ್ಷನ್ ಮಾತ್ರ ಗೊತ್ತಿಲ್ಲ, ಅದರಲ್ಲಿ ನೆಲ ಮೇಲೆ ಒತ್ತುವ ಭಾಗವೂ ಇದೆ, ಘರ್ಷಣೆಯೂ ಇದೆ. ಎರಡನ್ನೂ ಬಿಡಿಸದೆ ಒಂದೇ ಬಲ ಎಂದು ಹಿಡಿಯಿರಿ. ಮತ್ತೆ ಮೂರು ಬಲ.

ಏಣಿ 5 ಮೀಟರ್ ಉದ್ದ, ಬುಡ ಗೋಡೆಯಿಂದ 3 ಮೀಟರ್ ದೂರ, ತಲೆ 4 ಮೀಟರ್ ಎತ್ತರದಲ್ಲಿ ಎಂದಿರಲಿ. ಏಣಿಯ ತಲೆಯಿಂದ ಅಡ್ಡ ಗೆರೆ ಎಳೆಯಿರಿ, ಹತ್ತಿದವರ ಮೂಲಕ ಲಂಬ ಗೆರೆ ಎಳೆಯಿರಿ. ಸೇರಿದ್ದು O. ಅದು ಯಾವಾಗಲೂ 4 ಮೀಟರ್ ಎತ್ತರದಲ್ಲೇ ಇರುತ್ತದೆ. ನೆಲದ ರಿಯಾಕ್ಷನ್ ಬುಡದಿಂದ O ಕಡೆಗೆ. ಅವರು ಏಣಿಯ ನಡುವೆ ಇದ್ದಾಗ O ಬುಡದಿಂದ 1.5 ಮೀಟರ್ ಒಳಗೆ. ರಿಯಾಕ್ಷನ್ ಲಂಬದಿಂದ ವಾಲಿದ ಪ್ರಮಾಣ 1.5 / 4, ಅಂದರೆ 0.375. ಇದೇ ನೆಲ ಕೊಡಬೇಕಾದ ಘರ್ಷಣೆಯ ಪಾಲು. ಮೇಲೆ ಹತ್ತಿದಂತೆ O ಗೋಡೆಯ ಕಡೆಗೆ ಸರಿಯುತ್ತದೆ, ರಿಯಾಕ್ಷನ್ ಇನ್ನಷ್ಟು ವಾಲುತ್ತದೆ. ತಲೆಯವರೆಗೆ ಹೋದರೆ 3 / 4, ಅಂದರೆ 0.75.

ನೆಲದ ಘರ್ಷಣಾ ಗುಣಾಂಕ 0.5 ಎಂದಿದ್ದರೆ O ಬುಡದಿಂದ 2 ಮೀಟರ್ ದಾಟುವಂತಿಲ್ಲ. ಅದು ಏಣಿಯ ಮೂರರಲ್ಲಿ ಎರಡು ಪಾಲು. ಅಲ್ಲಿಂದ ಒಂದು ಮೆಟ್ಟಿಲು ಮೇಲಿಟ್ಟರೂ ಬುಡ ಜಾರುತ್ತದೆ. ಹತ್ತಿದವರು ಎಷ್ಟು ತೂಕ ಎಂದು ನಾವು ಕೇಳಲೇ ಇಲ್ಲ, ಗಮನಿಸಿದಿರಾ? ಹಗುರ ಏಣಿಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಕೆಳಗಿದ್ದಾಗ ಗಟ್ಟಿಯಾಗಿ ನಿಂತ ಏಣಿ ಮೇಲೆ ಹೋದ ಮೇಲೆ ಜಾರುವುದು ಇದಕ್ಕೇ. ಬುಡವನ್ನು ಎತ್ತರದ ನಾಲ್ಕನೆಯ ಒಂದು ಪಾಲಿನಷ್ಟೇ ದೂರ ಇಡಬೇಕು ಎಂಬ ರೂಢಿಯ ನಿಯಮವನ್ನೂ ಹೀಗೆ ನೋಡಬಹುದು. 4 ಮೀಟರ್ ಎತ್ತರಕ್ಕೆ 1 ಮೀಟರ್ ದೂರ ಇಟ್ಟರೆ, ತಲೆಯವರೆಗೆ ಹತ್ತಿದರೂ ಬೇಕಾಗುವ ಘರ್ಷಣೆ 0.25 ಮಾತ್ರ.

ಈಗ ಈ ದಾರಿ ಎಲ್ಲಿ ಕೈಕೊಡುತ್ತದೆ ಎನ್ನುವುದನ್ನೂ ಹೇಳಬೇಕು.

ಮೊದಲನೆಯದು, ಆಧಾರ ನಿಜವಾಗಿ ಪಿನ್ ಆಗಿರಬೇಕು. ಸರಳಿನ ಬುಡವನ್ನು ಪ್ಲೇಟ್‌ಗೆ ವೆಲ್ಡ್ ಮಾಡಿದ್ದರೆ ಅಥವಾ ಗೋಡೆಯೊಳಗೆ ಕಾಂಕ್ರೀಟ್ ಹಾಕಿ ಹುಗಿದಿದ್ದರೆ ಅಲ್ಲಿ ಬಲದ ಜೊತೆ ಸರಳು ತಿರುಗದಂತೆ ಹಿಡಿಯುವ ಒಂದು ಮೊಮೆಂಟ್ ಕೂಡ ಬರುತ್ತದೆ. O ಸುತ್ತ ಲೆಕ್ಕ ಬರೆದಾಗ ಹಿಂಜ್‌ನ ಬಲ ಒಂದೇ ಉಳಿಯಿತು ಎಂದೆವಲ್ಲ, ಆ ಮಾತು ಅಲ್ಲಿ ನಡೆಯುವುದಿಲ್ಲ. ರಿಯಾಕ್ಷನ್ A ಮತ್ತು O ಎರಡರ ಮೂಲಕವೂ ಹೋಗಲೇಬೇಕು ಎನ್ನಲಾಗದು. ಪ್ರಶ್ನೆಯಲ್ಲಿ ಹಿಂಜ್ ಎಂದಿದೆಯೋ ಫಿಕ್ಸೆಡ್ ಎಂದಿದೆಯೋ ಮೊದಲು ಓದಿಕೊಳ್ಳಿ. ತುಕ್ಕು ಹಿಡಿದ ಪಿನ್ ಬಗ್ಗೆ ಕೆಲವರು ಕೇಳುತ್ತಾರೆ. ಪಿನ್‌ನ ಘರ್ಷಣೆಯಿಂದ ರಿಯಾಕ್ಷನ್‌ನ ರೇಖೆ ಪಿನ್‌ನ ನಟ್ಟನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. 20 ಮಿಲಿಮೀಟರ್ ದಪ್ಪದ ಪಿನ್, ಗುಣಾಂಕ 0.2 ಇದ್ದರೆ ಹೆಚ್ಚೆಂದರೆ 2 ಮಿಲಿಮೀಟರ್. ಒಂದೂವರೆ ಮೀಟರ್ ದೂರದ O ಮುಂದೆ ಅದು ಏನೂ ಅಲ್ಲ.

ಎರಡನೆಯದು, ಗೊತ್ತಿರುವ ಎರಡು ರೇಖೆಗಳು ಸಮಾಂತರವಾಗಿದ್ದರೆ O ಸಿಗುವುದೇ ಇಲ್ಲ. ತಂತಿ ನೇರ ಮೇಲಕ್ಕೆ ಹೋಗಿ ಸೂರಿಗೆ ಕಟ್ಟಿದ್ದರೆ ಹೀಗಾಗುತ್ತದೆ. ಆಗ ಗಾಬರಿ ಬೇಡ. ಅಡ್ಡ ಬಲ ಕೊಡುವವರು ಯಾರೂ ಇಲ್ಲ, ಹಾಗಾಗಿ ಹಿಂಜ್‌ನ ಬಲವೂ ಲಂಬವೇ. ದಿಕ್ಕು ಸಿಕ್ಕಿತು, ಅಳತೆಗೆ ಮಾತ್ರ ಮೊಮೆಂಟ್ ಸಮೀಕರಣ ಬೇಕು, ತ್ರಿಕೋನ ಇಲ್ಲಿ ಚಪ್ಪಟೆಯಾಗಿಬಿಡುತ್ತದೆ.

ಮೂರನೆಯದು ಚಿತ್ರ ಬರೆದು ಬಿಡಿಸುವವರಿಗೆ. O ಹಾಳೆಯಿಂದ ಆಚೆ ಹೋಯಿತು ಎಂದು ಬಹಳ ಜನ ಚಿಂತೆ ಮಾಡುತ್ತಾರೆ. ದೂರದ O ಅಷ್ಟು ತೊಂದರೆ ಕೊಡುವುದಿಲ್ಲ, ಸ್ವಲ್ಪ ಆಚೀಚೆ ಆದರೂ ದಿಕ್ಕು ಹೆಚ್ಚು ಬದಲಾಗುವುದಿಲ್ಲ. ತೊಂದರೆ ಕೊಡುವುದು A ಗೆ ತೀರಾ ಹತ್ತಿರದ O. ಹಾಳೆಯ ಮೇಲೆ A ಯಿಂದ O ಗೆ ಒಂದೇ ಸೆಂಟಿಮೀಟರ್ ಇದ್ದು, O ಗುರುತು ಒಂದು ಮಿಲಿಮೀಟರ್ ಪಕ್ಕಕ್ಕೆ ಬಿದ್ದರೆ, ದಿಕ್ಕು ಸುಮಾರು 6 ಡಿಗ್ರಿ ತಪ್ಪುತ್ತದೆ. ಅಂಥ ಕಡೆ ಚಿತ್ರವನ್ನು ನಂಬಬೇಡಿ, ಸಮೀಕರಣ ಬರೆಯಿರಿ. ತಂತಿಯ ರೇಖೆ A ಮೂಲಕವೇ ಹೋಗುವ ಹಾಗಿದ್ದರಂತೂ ತಂತಿಗೆ ಸರಳನ್ನು ಎತ್ತುವ ಶಕ್ತಿಯೇ ಇಲ್ಲ. ನಡುವಿನ ಭಾರಕ್ಕೆ ಆ ಸರಳು ನಿಲ್ಲುವುದಿಲ್ಲ.

ಕೊನೆಯದು ಬಲಗಳ ಎಣಿಕೆ. ಮೂರು ಎಂದರೆ ಮೂರೇ ಇರಬೇಕು. ಸರಳಿನ ಮೇಲೆ ರಾಟೆ ಕೂರಿಸಿ ಹಗ್ಗ ಹಾಯಿಸಿದ್ದರೆ ಹಗ್ಗದ ಎರಡೂ ಕಡೆಯ ಎಳೆತ ಲೆಕ್ಕಕ್ಕೆ ಬರುತ್ತದೆ. ಸರಳಿನ ತೂಕ ಕೊಟ್ಟಿದ್ದರೆ ಅದು ನಾಲ್ಕನೆಯ ಬಲ. ಆಗ ಬಿಟ್ಟುಬಿಡಬೇಕಾಗಿಲ್ಲ, ಗೊತ್ತಿರುವ ಬಲಗಳನ್ನು ಒಂದಾಗಿ ಕೂಡಿಸಿ ಮತ್ತೆ ಮೂರಕ್ಕೆ ಇಳಿಸಿ.

ಆರಂಭದಲ್ಲಿ ಬಿಟ್ಟ ಸರಳಿನ ತೂಕವನ್ನು ಈಗ ಸೇರಿಸೋಣ. 100 ನ್ಯೂಟನ್ ಎಂದಿರಲಿ, ಅದು ಸರಳಿನ ನಡುವಿನಲ್ಲಿ ಕೆಳಕ್ಕೆ. ನಿಮ್ಮ ಲೆಕ್ಕದಲ್ಲಿ ಭಾರವೂ ನಡುವೆಯೇ ಇರುವುದರಿಂದ O ಅಲುಗುವುದಿಲ್ಲ, ದಿಕ್ಕು ಅದೇ 37 ಡಿಗ್ರಿ. 600 ಇದ್ದ ಕಡೆ 700 ಹಾಕಿ, ತಂತಿಗೂ ಹಿಂಜ್‌ಗೂ ಸುಮಾರು 583 ನ್ಯೂಟನ್. ಭಾರ ಗೋಡೆಯಿಂದ 0.8 ಮೀಟರ್‌ನಲ್ಲಿದ್ದರೆ ಮಾತ್ರ ಒಂದು ಹೆಜ್ಜೆ ಜಾಸ್ತಿ. ಎರಡೂ ಕೂಡಿದ 700 ನ್ಯೂಟನ್ ಎಲ್ಲಿದೆ? (600 × 0.8 + 100 × 1.2) / 700, ಅಂದರೆ ಗೋಡೆಯಿಂದ ಸುಮಾರು 0.857 ಮೀಟರ್. ಅಲ್ಲಿ ಲಂಬ ಗೆರೆ ಎಳೆದರೆ O ಸಿಗುವುದು 1.157 ಮೀಟರ್ ಎತ್ತರದಲ್ಲಿ. ರಿಯಾಕ್ಷನ್ 56 ಡಿಗ್ರಿಯಿಂದ 53 ಡಿಗ್ರಿ ಚಿಲ್ಲರೆಗೆ ಇಳಿಯಿತು. ACO ತ್ರಿಕೋನದಲ್ಲಿ CO ಈಗ 1.071 ಮೀಟರ್, ಟೆನ್ಷನ್ 700 × 1.071 / 1.8, ಸುಮಾರು 417 ನ್ಯೂಟನ್. A ಸುತ್ತ ಮೊಮೆಂಟ್ ಬರೆದು ತಾಳೆ ನೋಡಿ, ಇದೇ ಬರಬೇಕು.